ಸವ್ವಾ ಕಿಲೋ ಶಿರಾ: ಗಂಟು ಕಟ್ಟಿದ್ದು ಬಾಣಲೆಯಲ್ಲೋ, ಲೆಕ್ಕದಲ್ಲೋ?

ಪ್ರಶ್ನೆ: ನಾವು ಪುಣೆದ ಕೋಥ್ರೂಡದಾಗ ಇರ್ತೀವ್ರಿ. ಮನ್ಯಾಗ ಒಂದು ವಾಟಿ ರವಾಕ್ಕ ಒಂದು ವಾಟಿ ಸಕ್ಕರಿ, ಮುಕ್ಕಾಲು ವಾಟಿ ತುಪ್ಪ, ಎರಡೂವರಿ ವಾಟಿ ನೀರು ಹಾಕಿ ಶಿರಾ ಮಾಡ್ತೀನಿ, ಛಲೋ ಆಗ್ತದ. ಶ್ರಾವಣದಾಗ ಸತ್ಯನಾರಾಯಣ ಪೂಜಾಕ್ಕ ಅದೇ ಲೆಕ್ಕ ಹಿಡದು ಸವ್ವಾ ಕಿಲೋ ರವಾ, ಸವ್ವಾ ಕಿಲೋ ಸಕ್ಕರಿ, ಮೂರು ಲೀಟರ್ ಮ್ಯಾಲ ಒಂದೀಟು ನೀರು ಹಾಕಿದೆ. ತುಪ್ಪ ಮಾತ್ರ ಆರುನೂರು ಗ್ರಾಂ ಇತ್ತು. ಹುರದ ರವಾದ ಮ್ಯಾಲೆ ಬಿಸಿನೀರು ಸುರುವಿದ ಕೂಡಲೇ ನಿಂಬಿಹಣ್ಣಿನಂಥಾ ಗಂಟು ಆದ್ವು. ಒಡದು ನೋಡಿದ್ರ ಒಳಗ ಬಿಳಿ ಹಸಿ ರವಾ. ಎಲ್ಲಿ ತಪ್ಪಿತ್ರಿ? ಇನ್ನೊಮ್ಮೆ ಅರವತ್ತು ಮಂದಿಗೆ ಮಾಡೂದದ.

ಉತ್ತರ: ಅಕ್ಕಾ, ತಪ್ಪು ಕೈಯಲ್ಲಿ ಆದದ್ದಕ್ಕಿಂತ ತಕ್ಕಡಿಯಲ್ಲಿ ಆದದ್ದು ಹೆಚ್ಚು. ವಾಟಿಯ ಲೆಕ್ಕವನ್ನು ಕಿಲೋಗೆ ತಿರುಗಿಸುವಾಗ ಒಂದು ಲೀಟರಿನಷ್ಟು ನೀರೂ ಅರ್ಧದಷ್ಟು ತುಪ್ಪವೂ ನಡುವೆ ಎಲ್ಲೋ ಸೋರಿಹೋಗಿದೆ. ಅದರ ಮೇಲೆ, ಒಂದು ವಾಟಿಗೆ ನಡೆಯುವ ವಿಧಾನವನ್ನೇ ಸವ್ವಾ ಕಿಲೋಗೂ ಹಿಡಿದಿರಿ. ಮೊದಲು ಲೆಕ್ಕ ನೋಡೋಣ.

ಮನೆಯ ವಾಟಿ ಸಾಮಾನ್ಯವಾಗಿ 200 ಮಿಲಿಲೀಟರಿನದು. ಅದರ ತುಂಬ ರವೆ ತೆಗೆದು ತೂಗಿದರೆ 140 ಗ್ರಾಂ ಆಸುಪಾಸು ಬರುತ್ತದೆ. ಅದೇ ವಾಟಿಯಲ್ಲಿ ಸಕ್ಕರೆ 170 ಗ್ರಾಂ ಹಿಡಿಯುತ್ತದೆ, ಕರಗಿದ ತುಪ್ಪ 180 ಗ್ರಾಂ, ನೀರಾದರೆ ಸರಿಯಾಗಿ 200 ಗ್ರಾಂ. ಅಂದರೆ ರವೆ ಎಲ್ಲಕ್ಕಿಂತ ಹಗುರ, ಕಾಳಿನ ನಡುವೆ ಗಾಳಿ ಇರುವುದರಿಂದ. ನೀವು ಮನೆಯಲ್ಲಿ ಒಂದು ವಾಟಿ ರವೆಗೆ ಎರಡೂವರೆ ವಾಟಿ ನೀರು ಹಾಕುವಾಗ 140 ಗ್ರಾಂ ರವೆಗೆ 500 ಗ್ರಾಂ ನೀರು ಹಾಕುತ್ತಿದ್ದೀರಿ. ತೂಕದಲ್ಲಿ ಅದು ಎರಡೂವರೆ ಪಟ್ಟು ಅಲ್ಲ, ಮೂರೂವರೆ ಪಟ್ಟಿಗೂ ಸ್ವಲ್ಪ ಮೇಲೆ.

ಈಗ ನಿಮ್ಮ ಸವ್ವಾ ಕಿಲೋ. 1250 ಗ್ರಾಂ ರವೆ ಎಂದರೆ ಸುಮಾರು ಒಂಬತ್ತು ವಾಟಿ. ಮನೆಯ ಅಳತೆಯಂತೆ ಅದಕ್ಕೆ ಇಪ್ಪತ್ತೆರಡೂವರೆ ವಾಟಿ, ಅಂದರೆ ನಾಲ್ಕೂವರೆ ಲೀಟರ್ ನೀರು ಬೇಕಿತ್ತು. ನೀವು ಹಾಕಿದ್ದು ಮೂರು ಲೀಟರ್ ಚಿಲ್ಲರೆ. ದೊಡ್ಡ ಪಾತ್ರೆಯಲ್ಲಿ ಇಷ್ಟು ಸಾಮಾನು ಒಟ್ಟಿಗೆ ಇದ್ದಾಗ ಆವಿಯಾಗಿ ಹೋಗುವ ಪಾಲು ಕಡಿಮೆ, ಹಾಗಾಗಿ ನಾಲ್ಕೂವರೆ ಬೇಡ, ನಾಲ್ಕು ಲೀಟರ್ ಸಾಕು. ಆದರೂ ಒಂದು ಲೀಟರಿನ ಹತ್ತಿರ ಕೊರತೆ ಉಳಿಯಿತು. ತುಪ್ಪಕ್ಕೂ ಇದೇ ಕತೆ. ಮುಕ್ಕಾಲು ವಾಟಿ ತುಪ್ಪ 135 ಗ್ರಾಂ ತೂಗುತ್ತದೆ, ಅದು ರವೆಯ ತೂಕಕ್ಕೆ ಸರಿಸಮ. ನಿಮ್ಮ ಮನೆಯ ಶಿರಾಕ್ಕೆ ಹೊಂದುವ ತುಪ್ಪ ಸವ್ವಾ ಕಿಲೋ. ನಿಮ್ಮಲ್ಲಿದ್ದದ್ದು ಅದರ ಅರ್ಧಕ್ಕೂ ಒಂದು ಹಿಡಿ ಕಮ್ಮಿ.

ನೋಡಿ, ಭಟ್ಟರು ಸಪಾದ ಎಂದು, ಗುರುಜಿಗಳು ಸವ್ವಾ ಎಂದು ಹೇಳುವ ಹಳೆಯ ಲೆಕ್ಕ ಎಷ್ಟು ಜಾಣತನದ್ದು! ರವೆ ಸವ್ವಾ, ಸಕ್ಕರೆ ಸವ್ವಾ, ತುಪ್ಪ ಸವ್ವಾ, ಹಾಲು ಸವ್ವಾ. ತೂಕದಲ್ಲಿ ಹಿಡಿದರೆ ರವೆ ಮತ್ತು ತುಪ್ಪ ನಿಮ್ಮ ವಾಟಿಯ ಲೆಕ್ಕಕ್ಕೇ ಬಂದು ಕೂರುತ್ತವೆ. ಸಕ್ಕರೆ ಮಾತ್ರ ಮನೆಯದಕ್ಕಿಂತ ಒಂದು ಕೈ ಕಡಿಮೆ ಆಗುತ್ತದೆ, ಬಾಳೆಹಣ್ಣು ಬೀಳುವ ಪ್ರಸಾದಕ್ಕೆ ಅದು ಸರಿಯೇ. ಹಾಲು ಸವ್ವಾ ಲೀಟರ್ ಒಂದರಿಂದಲೇ ರವೆ ಅರಳುವುದಿಲ್ಲ. ಉಳಿದ ಎರಡೂ ಮುಕ್ಕಾಲು ಲೀಟರನ್ನು ನೀರಿನಲ್ಲಿ ತುಂಬಿಸಬೇಕು. ಒಟ್ಟು ನಾಲ್ಕು ಲೀಟರ್ ಆಯಿತು, ಸವ್ವಾದ ನೇಮವೂ ಉಳಿಯಿತು.

ಇನ್ನು ಗಂಟು ಯಾಕೆ ಆಗುತ್ತದೆ ಎಂಬುದು. ನೀವು ಒಡೆದು ನೋಡಿದ್ದು ಒಳ್ಳೆಯದಾಯಿತು, ಒಳಗಿನ ಬಿಳಿ ಹಸಿ ರವೆಯೇ ಎಲ್ಲ ಹೇಳುತ್ತದೆ. ರವೆಯಲ್ಲಿರುವ ಪಿಷ್ಟ ಬಿಸಿ ನೀರು ಸೋಕಿದ ಕೂಡಲೇ ಉಬ್ಬಿ ಅಂಟಾಗುತ್ತದೆ. ನಾಲ್ಕು ಕಾಳು ಒತ್ತಾಗಿ ಕೂತಿದ್ದ ಕಡೆ ನೀರು ಹೊರಗಿನಿಂದ ಮುತ್ತಿದರೆ, ಹೊರಗಿನ ಕಾಳುಗಳು ಅಂಟಿ ಒಂದು ತೊಗಲು ಕಟ್ಟಿಕೊಳ್ಳುತ್ತವೆ. ಆ ತೊಗಲು ದಾಟಿ ನೀರು ಒಳಗೆ ಹೋಗುವುದಿಲ್ಲ. ಒಳಗಿನ ರವೆ ಒಣಗಿದ್ದು ಒಣಗಿಯೇ ಉಳಿಯುತ್ತದೆ, ನೀವು ಅರ್ಧ ಗಂಟೆ ಕಲಕಿದರೂ ಅಷ್ಟೇ.

ಇದನ್ನು ತಡೆಯುವುದು ತುಪ್ಪ. ಹುರಿಯುವಾಗ ಪ್ರತಿ ಕಾಳಿನ ಮೈಗೂ ತುಪ್ಪದ ಲೇಪ ಬಿದ್ದರೆ ಪಕ್ಕದ ಕಾಳಿಗೆ ಅಂಟುವ ಮುಂಚೆ ನೀರಿಗೆ ನಡುವೆ ನುಗ್ಗಲು ಸಮಯ ಸಿಗುತ್ತದೆ. ತೂಕದಲ್ಲಿ ರವೆಗೆ ಸಮವಾಗಿ ತುಪ್ಪ ಹಾಕಿ ಹುರಿದರೆ ಅದು ಒದ್ದೆ ಮರಳಿನ ಹಾಗಲ್ಲ, ದೋಸೆ ಹಿಟ್ಟಿನ ಹಾಗೆ ಹರಿಯುತ್ತದೆ. ಅಂಥ ರವೆಯನ್ನು ಗಂಟು ಮಾಡಬೇಕೆಂದರೂ ಕಷ್ಟ. ಅರ್ಧ ತೂಕದ ತುಪ್ಪದಲ್ಲೂ ಗಂಟಿಲ್ಲದ ಶಿರಾ ಆಗುತ್ತದೆ, ನಮ್ಮ ಹೋಟೆಲುಗಳಲ್ಲಿ ನಿತ್ಯ ಆಗುವುದು ಅದರ ಆಸುಪಾಸಿನಲ್ಲೇ. ಆದರೆ ಆಗ ಅಷ್ಟನ್ನೂ ಹುರಿಯುವುದಕ್ಕೇ ಹಾಕಬೇಕು, ಕೊನೆಗೆ ಮೇಲೆ ಹಾಕಿ ಹೊಳಪು ತೋರಿಸುತ್ತೇನೆ ಎಂದು ಎತ್ತಿಡಬಾರದು. ಅರ್ಧಕ್ಕಿಂತ ಕೆಳಗೆ ಹೋದರೆ ಅದು ಸಿಹಿ ಉಪ್ಪಿಟ್ಟು.

ಎರಡನೆಯದು ಕುದಿತ. ನೀರು ಬಿಸಿ ಇದ್ದರೆ ಸಾಲದು, ಕೊತಕೊತ ಕುದಿಯುತ್ತಿರಬೇಕು ಎಂದು ನಾವು ಹೇಳುವುದು ಬರೀ ಶಾಖಕ್ಕಲ್ಲ, ಅಲುಗಾಟಕ್ಕೆ. ಕುದಿಯುವ ನೀರಿನ ಗುಳ್ಳೆಗಳು ಕಾಳುಗಳನ್ನು ಎಬ್ಬಿಸಿ ಬಿಡಿಸುತ್ತವೆ. ಕುದಿತ ನಿಂತ ನೀರು ಪಿಷ್ಟವನ್ನು ಅಂಟು ಮಾಡುವಷ್ಟು ಬಿಸಿ ಇರುತ್ತದೆ, ಕಾಳು ಬಿಡಿಸುವ ಕೆಲಸ ಮಾತ್ರ ಮಾಡುವುದಿಲ್ಲ. ಶಿರಾಕ್ಕೆ ಅದೇ ಎಲ್ಲಕ್ಕಿಂತ ಕೆಟ್ಟ ನೀರು.

ನನಗೆ ಇದು ಹದಿನೇಳನೇ ವರ್ಷಕ್ಕೇ ಗೊತ್ತಾಯಿತು. ಕುಂದಾಪುರ ಕಡೆಯಿಂದ ಮಾಟುಂಗಾದ ಒಂದು ಹೋಟೆಲಿಗೆ ಬಂದು ಸೇರಿದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಐದು ಕಿಲೋ ರವೆಯ ಶೀರಾ. ದೊಡ್ಡ ಭಟ್ರು ರವೆ ಹುರಿದಿಟ್ಟು, ‘ನೀರು ಕುದ್ದ ಮೇಲೆ ಕರಿ’ ಎಂದು ಹೇಳಿ ಚಟ್ನಿ ನೋಡಲು ಹೋದರು. ನಾನು ಹಬೆ ಏಳುವುದನ್ನು ಕಂಡು ಕುದಿಯಿತು ಎಂದುಕೊಂಡೆ. ಅವರನ್ನೂ ಕರೆಯದೆ ರವೆಯನ್ನೆಲ್ಲ ಒಮ್ಮೆಗೇ ಮಗುಚಿಬಿಟ್ಟೆ, ಜೋರು ತೋರಿಸುವ ವಯಸ್ಸು. ಟೋಪಿನ ತುಂಬ ಲಿಂಬೆ, ನೆಲ್ಲಿ, ಕೋಳಿಮೊಟ್ಟೆ ಎಲ್ಲ ಗಾತ್ರದ ಗಂಟು. ಭಟ್ರು ಬೈಯಲಿಲ್ಲ. ದೊಡ್ಡ ಕಣ್ಣಿನ ಜರಡಿಯೊಂದನ್ನು ತಂದು ನನ್ನ ಮುಂದೆ ಇಟ್ಟರು. ಅಂಗೈ ಸುಟ್ಟುಕೊಂಡು ಐದು ಕಿಲೋ ರವೆಯ ಶೀರಾವನ್ನು ಉಜ್ಜಿ ಉಜ್ಜಿ ಇಳಿಸಿದೆ. ಏಳು ಗಂಟೆಯ ಗಿರಾಕಿಗೆ ಏನೂ ಗೊತ್ತಾಗಲಿಲ್ಲ. ಆ ಜರಡಿಯ ಉಪಾಯ ನಿಮಗೂ ಬೇಕಾದೀತು, ಆಮೇಲೆ ಹೇಳುತ್ತೇನೆ.

ನಿಮ್ಮ ವಿಧಾನದ ಮಾತು. ಹುರಿದ ರವೆಯ ಮೇಲೆ ನೀರು ಸುರಿಯುವುದು ಎರಡು ಮೂರು ವಾಟಿಯವರೆಗೆ ಸರಿ, ಸಟ್ಟುಗ ಎರಡು ಸುತ್ತು ಹಾಕುವುದರೊಳಗೆ ನೀರು ಎಲ್ಲ ಕಡೆ ಮುಟ್ಟುತ್ತದೆ. ಒಂಬತ್ತು ವಾಟಿ ರವೆ ಬಾಣಲೆಯಲ್ಲಿ ದಪ್ಪ ರಾಶಿಯಾಗಿ ಕೂತಿರುತ್ತದೆ. ಮೇಲೆ ಬಿದ್ದ ನೀರನ್ನು ಮೇಲಿನ ರವೆಯೇ ಕುಡಿದು ತೊಗಲು ಕಟ್ಟಿಬಿಡುತ್ತದೆ, ಅಡಿಯ ರವೆಗೆ ಸುದ್ದಿಯೇ ಹೋಗುವುದಿಲ್ಲ. ನೀರೂ ಕಮ್ಮಿ, ತುಪ್ಪವೂ ಕಮ್ಮಿ ಇದ್ದರೆ ಕೇಳಬೇಕೇ? ಅರ್ಧ ಕಿಲೋ ದಾಟಿದ ಮೇಲೆ ಕ್ರಮ ತಿರುಗಿಸಿ: ರವೆಗೆ ನೀರಲ್ಲ, ನೀರಿಗೆ ರವೆ.

ಮನೆಯ ಗ್ಯಾಸಿನ ಮೇಲೆ ಸವ್ವಾ ಕಿಲೋವನ್ನು ಒಂದೇ ಸಲ ಮಾಡುವ ಹಟ ಬೇಡ. ನಾಲ್ಕು ಲೀಟರ್ ನೀರಿಗೆ ಅಷ್ಟು ರವೆ ಬೀಳುವಾಗ ಮನೆಯ ಬರ್ನರಿಗೆ ಕುದಿತ ಹಿಡಿದಿಡಲು ಆಗುವುದಿಲ್ಲ. ಎರಡು ಸಲ ಮಾಡಿ, ಒಂದೊಂದು ಸಲಕ್ಕೆ 625 ಗ್ರಾಂ ರವೆ, 625 ಗ್ರಾಂ ಸಕ್ಕರೆ, 625 ಗ್ರಾಂ ತುಪ್ಪ. ಹಾಲು 625 ಮಿಲಿಲೀಟರ್, ನೀರು 1375 ಮಿಲಿಲೀಟರ್, ಎರಡೂ ಸೇರಿ ಎರಡು ಲೀಟರ್. ಪಕ್ಕದಲ್ಲಿ ಒಂದೆರಡು ವಾಟಿ ನೀರು ಬೇರೆ ಕುದಿಯುತ್ತಿರಲಿ, ಅದು ಕೈಗಾವಲು. ಪಾತ್ರೆ ಏಳೆಂಟು ಲೀಟರ್ ಹಿಡಿಯುವ ದಪ್ಪ ತಳದ್ದು ಇರಲಿ, ಅರ್ಧ ಖಾಲಿ ಇದ್ದರೇ ಕೈ ಆಡುವುದು. ಎರಡೂ ಸಲದ್ದು ಸೇರಿ ಏಳು ಕಿಲೋ ಹತ್ತಿರ ಬರುತ್ತದೆ, ನೂರು ಗ್ರಾಮಿನ ದೊನ್ನೆಯಂತೆ ಅರವತ್ತು ಮಂದಿಗೆ ಹಂಚಿ ಮನೆಗೂ ಉಳಿಯುತ್ತದೆ.

ರವೆ ಯಾವುದು ಎಂದು ನೀವು ಬರೆದಿಲ್ಲ. ಬೆಂಗಳೂರು, ಮೈಸೂರಿನ ಅಂಗಡಿಯಲ್ಲಿ ಬಾಂಬೆ ರವೆ ಎಂದು ಕೇಳಿದರೆ ಸಿಗುವ ಮಾಲನ್ನು ಬಾಂಬೆಯಲ್ಲೇ ಆ ಹೆಸರಿನಿಂದ ಕೇಳಿದರೆ ಅಂಗಡಿಯವ ನಗುತ್ತಾನೆ. ಇಲ್ಲಿ ಇರುವುದು ಬಾರೀಕ್ ಮತ್ತು ಜಾಡ, ಎರಡೇ ಮಾತು. ಬಾರೀಕ್ ಎಂದರೆ ಹೆಚ್ಚುಕಮ್ಮಿ ನಮ್ಮ ಚಿರೋಟಿ ರವೆ. ಬಾಯಲ್ಲಿ ಮೃದು, ಆದರೆ ನೀರನ್ನು ಗಬಕ್ಕನೆ ಹೀರಿ ಬೇಗ ಗಂಟಾಗುತ್ತದೆ. ಹೊಸದಾಗಿ ದೊಡ್ಡ ಅಳತೆಗೆ ಕೈ ಹಾಕುವವರು ಜಾಡ ರವೆ, ಅಂದರೆ ಉಪ್ಪಿಟ್ಟಿನ ರವೆ ತೆಗೆದುಕೊಳ್ಳುವುದು ಲೇಸು. ಮೇಲೆ ಕೊಟ್ಟ ನೀರು ಅದಕ್ಕೇ ಲೆಕ್ಕ. ಬಾರೀಕ್ ಆದರೆ ಒಂದು ಸಲಕ್ಕೆ ಇನ್ನೂರು ಮುನ್ನೂರು ಮಿಲಿಲೀಟರ್ ಕಮ್ಮಿ ಹಿಡಿಯಿರಿ. ಮತ್ತೆ ಶ್ರಾವಣ ಎಂದರೆ ಮಳೆಗಾಲ. ಪೊಟ್ಟಣದಲ್ಲೇ ರವೆ ತೇವ ಹಿಡಿದು ಸಣ್ಣ ಸಣ್ಣ ಹೆಂಟೆ ಕಟ್ಟಿರುತ್ತದೆ, ಸಕ್ಕರೆಯೂ ಹಾಗೇ. ಎರಡನ್ನೂ ಜರಡಿ ಹಿಡಿಯದೆ ಒಲೆಯ ಹತ್ತಿರ ತರಬೇಡಿ.

ಬಾಣಲೆಯಲ್ಲಿ ತುಪ್ಪ ಸುಮಾರು 425 ಗ್ರಾಂ ಕರಗಿಸಿ ರವೆ ಹಾಕಿ, ಉಳಿದದ್ದು ಕೊನೆಗಿರಲಿ. ನಡು ಉರಿಗಿಂತ ಕೆಳಗೆ ಇಟ್ಟು ಹದಿನೈದು ನಿಮಿಷದ ಮೇಲೆ ಹುರಿಯಬೇಕಾಗುತ್ತದೆ. ಗಡಿಯಾರಕ್ಕಿಂತ ಸಟ್ಟುಗವನ್ನು ನಂಬಿ. ಮೊದಲು ಭಾರವಾಗಿ ಮುದ್ದೆಯಂತೆ ತಿರುಗುತ್ತಿದ್ದ ರವೆ ಒಂದು ಹೊತ್ತಿಗೆ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಸಣ್ಣ ನೊರೆ ಎದ್ದು ಪಕ್ಕಕ್ಕೆ ತುಪ್ಪ ಬಿಡುತ್ತದೆ, ಬಿಸ್ಕತ್ತಿನ ಘಮ ಬರುತ್ತದೆ. ಬಣ್ಣ ಕೆನೆಯಿಂದ ಒಂದು ಛಾಯೆ ಮಾತ್ರ ಕೆಳಗೆ ಇಳಿದಿರಬೇಕು. ಅಷ್ಟಾದ ಮೇಲೆ ಬಾಳೆಹಣ್ಣಿನ ಹೋಳು ಹಾಕಿ ಎರಡು ನಿಮಿಷ ಕೈಯಾಡಿಸಿ ಕೆಳಗಿಳಿಸಿ. ಇಳಿಸಿದ ಮೇಲೂ ಕಾದ ಬಾಣಲೆ ಹುರಿಯುತ್ತಲೇ ಇರುತ್ತದೆ, ಆದ್ದರಿಂದ ಬೇರೆ ತಟ್ಟೆಗೆ ಬಗ್ಗಿಸಿ.

ತಟ್ಟೆಯಲ್ಲಿ ಐದು ನಿಮಿಷ ಬಿಡಿ. ಇದು ಮುಖ್ಯ. ಹುರಿದ ತುಪ್ಪ ಕುದಿಯುವ ನೀರಿಗಿಂತಲೂ ಬಿಸಿ, ಹಾಗೇ ಸುರಿದರೆ ನೀರು ಸಿಡಿದು ಮೊಣಕೈವರೆಗೆ ಬರುತ್ತದೆ. ಅಷ್ಟರಲ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಬೇರೆ ಕಾಯಿಸಿಟ್ಟ ಹಾಲನ್ನು ಬಿಸಿಯಾಗಿಯೇ ಸೇರಿಸಿ, ಮತ್ತೆ ಕುದಿ ಬರಿಸಿ. ಹಾಲಿರುವುದರಿಂದ ಉಕ್ಕೀತು, ಕಣ್ಣಿಡಿ. ಮನೆಯಲ್ಲಿ ಇನ್ನೊಬ್ಬರನ್ನು ಕರೆಯಿರಿ. ಒಬ್ಬರು ಉದ್ದ ಹಿಡಿಯ ಸಟ್ಟುಗದಿಂದ ತಳ ಮುಟ್ಟಿ ತಿರುಗಿಸುತ್ತಿರಲಿ, ಇನ್ನೊಬ್ಬರು ಸೌಟಿನಿಂದ ರವೆ ತೆಗೆದು ತೆಳ್ಳಗೆ ಬಿಡುತ್ತಾ ಹೋಗಲಿ. ಒಂದು ಸೌಟು ಬಿದ್ದು ಕಲೆತು, ಗುಳ್ಳೆ ಮತ್ತೆ ಎದ್ದ ಮೇಲೆ ಇನ್ನೊಂದು. ಎಲ್ಲ ಮುಗಿಯಲು ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಗುಳ್ಳೆ ನಿಂತಿತೋ, ಕೈಯೂ ನಿಲ್ಲಬೇಕು.

ಎಲ್ಲ ಬಿದ್ದ ಮೇಲೆ ಉರಿ ಪೂರಾ ತಗ್ಗಿಸಿ, ಮುಚ್ಚಳ ಮುಚ್ಚಿ ಐದು ನಿಮಿಷ. ಆಮೇಲೆ ಒಂದು ಚಿಟಿಕೆ ತೆಗೆದು ಆರಿಸಿ, ಎರಡು ಬೆರಳ ನಡುವೆ ಉಜ್ಜಿ ನೋಡಿ. ಕಾಳು ಬೆಣ್ಣೆಯಂತೆ ಹರಡಿದರೆ ಬೆಂದಿದೆ. ನಡುವೆ ಮರಳಿನಂತೆ ಚುರುಕು ಸಿಕ್ಕಿದರೆ ಕೈಗಾವಲಿನ ನೀರಲ್ಲಿ ಒಂದು ವಾಟಿ ಚಿಮುಕಿಸಿ ಮತ್ತೆ ಮುಚ್ಚಿ. ಈ ಪರೀಕ್ಷೆ ಸಕ್ಕರೆಗೆ ಮುಂಚೆಯೇ ಆಗಬೇಕು. ಸಕ್ಕರೆ ಬಿದ್ದ ಕ್ಷಣದಿಂದ ನೀರನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ, ರವೆ ಆ ಹೊತ್ತಿಗೆ ಎಷ್ಟು ಬೆಂದಿದೆಯೋ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಶಿರಾ ತಿಂದಾಗ ಹಲ್ಲಿಗೆ ಕರಕರ ಸಿಗುತ್ತದೆ ಎಂದು ಹಲವರು ದೂರುತ್ತಾರಲ್ಲ, ಅವರು ಅದನ್ನೂ ಗಂಟು ಎಂದೇ ಕರೆಯುತ್ತಾರೆ. ಅದು ಗಂಟಲ್ಲ, ಅವಸರಕ್ಕೆ ಹಾಕಿದ ಸಕ್ಕರೆ.

ಸಕ್ಕರೆಯನ್ನು ಮೂರು ಕಂತಿನಲ್ಲಿ ಹಾಕಿ. ಗಟ್ಟಿಯಾಗಿದ್ದದ್ದು ಒಮ್ಮೆಲೇ ಗಂಜಿಯಂತೆ ನೀರಾಗುತ್ತದೆ, ಹೆದರಿ ಉರಿ ಏರಿಸಬೇಡಿ. ಇದೇ ಹೊತ್ತಿಗೆ ಗಾಬರಿಗೆ ಒಂದು ಹಿಡಿ ಒಣ ರವೆ ಎಸೆಯುವವರನ್ನು ನೋಡಿದ್ದೇನೆ, ಅಲ್ಲಿಯವರೆಗೆ ಇಲ್ಲದ ಗಂಟು ಅಲ್ಲಿ ಹುಟ್ಟುತ್ತದೆ. ಏಳೆಂಟು ನಿಮಿಷ ಸಣ್ಣ ಉರಿಯಲ್ಲಿ ತಿರುಗಿಸಿದರೆ ತಾನೇ ಕೂಡಿಕೊಳ್ಳುತ್ತದೆ. ಉಳಿಸಿದ ತುಪ್ಪ, ಏಲಕ್ಕಿ ಈಗ. ಅಂಚು ಬಿಟ್ಟು ಮುದ್ದೆ ಒಟ್ಟಿಗೆ ತಿರುಗಲು ಶುರುವಾದಾಗ, ಆದರೆ ಸೌಟಿನಿಂದ ಇನ್ನೂ ನಿಧಾನ ಜಾರುವ ಹದದಲ್ಲೇ ಒಲೆ ಆರಿಸಿ. ಆರಿದಂತೆ ಅದು ಎರಡು ಹದ ಗಟ್ಟಿಯಾಗುತ್ತದೆ. ಒಲೆಯ ಮೇಲೇ ಗಟ್ಟಿ ಮಾಡಿದರೆ ಕಥೆ ಮುಗಿದು ಆರತಿ ಆಗುವ ಹೊತ್ತಿಗೆ ಕಡಿದು ಹಂಚಬೇಕಾದೀತು.

ಇಷ್ಟಾದರೂ ಗಂಟು ಕಂಡರೆ? ಸಕ್ಕರೆ ಇನ್ನೂ ಹಾಕಿಲ್ಲ ಎಂದಾದರೆ ಕೆಲಸ ಸುಲಭ. ಪಾತ್ರೆ ಕೆಳಗಿಳಿಸಿ, ಗಂಟುಗಳನ್ನು ಸೌಟಿನ ಬೆನ್ನಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒಡೆಯಿರಿ. ಒಳಗಿನ ಬಿಳಿ ರವೆ ಹೊರಗೆ ಬಿದ್ದ ಮೇಲೆ ಕುದಿಯುವ ನೀರು ಅರ್ಧ ವಾಟಿ ಚಿಮುಕಿಸಿ ಮೂರು ನಿಮಿಷ ಮುಚ್ಚಿದರೆ ಅದೂ ಅರಳುತ್ತದೆ. ಒಡೆಯದೆ ಬರೀ ನೀರು ಹೊಯ್ದರೆ ಸುತ್ತಲಿನದು ಅಂಬಲಿಯಾಗುತ್ತದೆ, ಗಂಟು ಗಂಟಾಗಿಯೇ ತೇಲುತ್ತದೆ. ಸಕ್ಕರೆ ಬಿದ್ದುಹೋಗಿದ್ದರೆ ಆ ಹಸಿ ರವೆ ಇನ್ನು ಬೇಯುವ ಆಸೆ ಬಿಡಿ. ದೊಡ್ಡ ಕಣ್ಣಿನ ಜರಡಿ ತೆಗೆದುಕೊಂಡು ಬಿಸಿ ಇರುವಾಗಲೇ ಸೌಟಿನಿಂದ ಉಜ್ಜಿ ಇಳಿಸಿ. ಅಂಗೈಯಿಂದ ಬೇಡ, ನನ್ನ ಅಂಗೈ ಕೇಳಿ. ಮೇಲೆ ಉಳಿದ ಬಿಳಿ ಕಾಳುಗಳನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ಬಿಸಿ ಹಾಲಿನಲ್ಲಿ ಬೇಯಿಸಿ ಮತ್ತೆ ಸೇರಿಸಬಹುದು, ಸವ್ವಾದಲ್ಲಿ ಕಮ್ಮಿಯಾಗಬಾರದು ಎಂಬ ಮನಸ್ಸಿದ್ದರೆ.

ಒಂದು ಕಡೆಯ ಮಾತು, ಹೋಟೆಲಿನ ಪೈನಾಪಲ್ ಶೀರಾ ತಿಂದು ಪ್ರಸಾದಕ್ಕೂ ಅನಾನಸು ಹಾಕೋಣ ಎಂದು ಯಾರಾದರೂ ಹೇಳಿದರೆ ಹಾಲು ಹಾಕಿದ್ದಕ್ಕೆ ಹಾಕಬೇಡಿ. ಹುಳಿಗೆ ಹಾಲು ಒಡೆದು ಸಣ್ಣ ಸಣ್ಣ ಬಿಳಿ ಚೂರು ತೇಲುತ್ತವೆ, ನೀವು ಅದನ್ನೂ ರವೆಯ ಗಂಟೆಂದು ತಿಳಿದು ನನಗೆ ಇನ್ನೊಂದು ಕಾಗದ ಬರೆಯುತ್ತೀರಿ. ಹೋಟೆಲಿನಲ್ಲಿ ಅದಕ್ಕೆ ಬರೀ ನೀರು.

ಎರಡನೇ ಸಲದ್ದು ಇಳಿಸಿದ ಕೂಡಲೇ ಮೊದಲಿನದರ ಜೊತೆ ಒಂದೇ ಪಾತ್ರೆಯಲ್ಲಿ ಮೇಲೆ ಕೆಳಗೆ ಮಾಡಿ ಮುಚ್ಚಿಡಿ. ಅಷ್ಟರಲ್ಲಿ ಮೊದಲಿನದು ತುಸು ಗಟ್ಟಿಯಾಗಿರುತ್ತದೆ, ಬಿಸಿಯದರ ಜೊತೆ ಬೆರೆತರೆ ಹದಕ್ಕೆ ಬರುತ್ತದೆ. ಬಾರದಿದ್ದರೆ ಕಾಲು ವಾಟಿ ಬಿಸಿ ಹಾಲು, ತಣ್ಣಗಿನದಲ್ಲ.